ಕೊನೆಯ ನಾಲ್ಕು ಸೆಕೆಂಡು

ವಾಲ್‌ಮನ್ ಕಾಕಾರನ್ನು ನಾನು ಮೊದಲ ಸಲ ನೋಡಿದ್ದು ಅವರು ಹೊಡೆತ ತಿಂದ ಮರುದಿನ. ಕೆಳತುಟಿ ಸೀಳಿತ್ತು, ಎಡಗಣ್ಣು ಊದಿ ಮುಚ್ಚಿಕೊಂಡಿತ್ತು. ಧಾರವಾಡದಿಂದ ಅರ್ಧ ಗಂಟೆಯ ದಾರಿಯ ಒಂದು ದಿಬ್ಬದ ಮೇಲೆ ನೀರಿನ ದೊಡ್ಡ ಟ್ಯಾಂಕಿದೆ. ಆರು ಕಿಲೋಮೀಟರ್ ದೂರದ ಪಂಪ್‌ಹೌಸಿನಿಂದ ಅಲ್ಲಿಗೆ ಪೈಪಿನಲ್ಲಿ ನೀರು ಬರುತ್ತದೆ. ಟ್ಯಾಂಕ್ ತುಂಬಿದಾಗ ವಾಲ್ವ್ ಮುಚ್ಚುವುದು ಕಾಕಾರ ಕೆಲಸ. ಅವರು ಮುಚ್ಚಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ಟ್ಯಾಂಕ್ ಉಕ್ಕಿ ಕೆಳಗಿನ ಹೊಲದ ಉಳ್ಳಾಗಡ್ಡಿಗೆ ನೀರು ನುಗ್ಗುತ್ತಿತ್ತು. ಮೂರನೆಯ ಸಲ ನುಗ್ಗಿದಾಗ ಹೊಲದವನು ಸಲಿಕೆಯ ಕಾವು ಹಿಡಿದು ದಿಬ್ಬ ಹತ್ತಿ ಬಂದಿದ್ದ.

ನಾನು ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ದ್ರವಗಳ ವಿಷಯ ಕಲಿಸುತ್ತೇನೆ. ಹೊರಗಿನ ಲೆಕ್ಕಾಚಾರದ ಕೆಲಸವನ್ನೂ ಆಗ ಮಾಡಿಕೊಡುತ್ತಿದ್ದೆ. ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳಲ್ಲಿ ಗಾಳಿಯ ಕೊಳವೆಗಳ ಲೆಕ್ಕ ಮಾಡಿ ನನಗೊಂದಿಷ್ಟು ಹೆಸರು ಬಂದಿತ್ತು. ಹತ್ತಿಯನ್ನು ಎಳೆದೊಯ್ಯುವ ಗಾಳಿ ಅಲ್ಲಿ ಸೆಕೆಂಡಿಗೆ ಇಪ್ಪತ್ತು ಮೀಟರ್ ಓಡುತ್ತದೆ. ಗಾಳಿಯಲ್ಲಿ ಶಬ್ದ ಓಡುವುದು ಸೆಕೆಂಡಿಗೆ ಮುನ್ನೂರ ನಲವತ್ತೈದು ಮೀಟರಿನಷ್ಟು. ಗಾಳಿಯ ವೇಗ ಶಬ್ದದ ವೇಗದ ಹತ್ತರಲ್ಲಿ ಮೂರು ಭಾಗಕ್ಕಿಂತ ಕಡಿಮೆ ಇದ್ದರೆ, ಗಾಳಿ ಹಿಚುಕಿಕೊಳ್ಳುವುದನ್ನು ಮರೆತು ಲೆಕ್ಕ ಮಾಡಬಹುದು. ತಪ್ಪಿದರೂ ನೂರಕ್ಕೆ ಐದರಷ್ಟು. ಮಿಲ್ಲಿನಲ್ಲಿ ಆ ತಪ್ಪು ನೂರಕ್ಕೆ ಕಾಲರಷ್ಟೂ ಇರಲಿಲ್ಲ. ಹೀಗೆ ಮರೆತು ಮಾಡಿದ ಲೆಕ್ಕಗಳೆಲ್ಲ ಸರಿ ಬಂದಿದ್ದವು. ಗಾಳಿಯನ್ನೇ ಮರೆಯಬಹುದಾದರೆ ನೀರಿನ ಮಾತೇನು ಎಂಬ ಧೈರ್ಯ ನನಗಿತ್ತು.

ಪೈಪ್‌ಲೈನಿನ ನಿರ್ವಹಣೆ ಹಿಡಿದಿದ್ದ ಗುತ್ತಿಗೆದಾರರು ನನ್ನನ್ನು ದಿಬ್ಬಕ್ಕೆ ಕರೆದೊಯ್ದರು. ಕೈಚಕ್ರದ ಹಳೆಯ ವಾಲ್ವ್ ತೆಗೆದು ಮೋಟಾರಿನದು ಹಾಕಬೇಕು, ಸ್ವಿಚ್ಚು ಒತ್ತಿದರೆ ಇಪ್ಪತ್ತು ಸೆಕೆಂಡಿನಲ್ಲಿ ಮುಚ್ಚಬೇಕು, ಪೈಪು ತಡೆಯುತ್ತದೆಯೇ ಎಂದು ನಾನು ಬರೆದುಕೊಡಬೇಕು.

ಕಾಕಾ ವಾಲ್ವ್ ಇರುವ ಗುಂಡಿಯ ಕಟ್ಟೆಯ ಮೇಲೆ ಕೂತು ಒದ್ದೆ ಬಟ್ಟೆಯಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು.

"ಅಕ್ಕಾರ, ಇಪ್ಪತ್ತು ಸೆಕೆಂಡ್ ಬ್ಯಾಡ್ರಿ," ಅಂದರು. "ಮೊದ್ಲ ಎಷ್ಟ್ ಜೋರ್ ತಿರುವಿದ್ರೂ ನೀರಿಗೆ ಗೊತ್ತಾಗೂದಿಲ್ಲ. ಕೊನೀ ನಾಕ್ ಸುತ್ತು ಬಂದಾಗ ಪೈಪು ಗುದ್ದಾಕ ಶುರು ಮಾಡತೈತಿ. ಆವಾಗ ನಾ ಒಂದೊಂದ್ ಸುತ್ತಿಗೆ ಒಂದೊಂದ್ ಬೀಡಿ ಸೇದೂವಷ್ಟ್ ಹೊತ್ತು ಬಿಡ್ತೇನ್ರಿ. ಅದಕ್ಕ ತಡಾ ಆಗೂದು."

"ಹೊಡ್ತಾ ತಿಂದ್ರೂ ಬೀಡಿ ಚಟಾ ಬಿಡ್ಲಿಲ್ಲ ನೋಡ್ರಿ ಮೇಡಂ," ಎಂದು ಗುತ್ತಿಗೆದಾರರು ನಕ್ಕರು.

ನಾನೂ ನಕ್ಕೆ. "ಕಾಕಾ, ನೀರನ್ನ ಹಿಚುಕಾಕ ಬರೂದಿಲ್ರಿ. ಗಾಳಿ ಇದ್ರ ಬ್ಯಾರೆ ಮಾತು. ಆ ಸದ್ದು ಹಳೇ ವಾಲ್ವಿಂದು ಇರಬೇಕು."

ಓದಿದವರು ಹೇಳಿದ ಮೇಲೆ ಏನು ಮಾತಾಡುವುದು ಎಂಬಂತೆ ಅವರು ಬಟ್ಟೆಯನ್ನು ಮತ್ತೆ ಕಣ್ಣಿಗೆ ಒತ್ತಿಕೊಂಡರು.

ಮನೆಗೆ ಬಂದು ಅಡುಗೆಯ ಕಟ್ಟೆಯ ಮೇಲೆಯೇ ಹಾಳೆ ಇಟ್ಟುಕೊಂಡು ಲೆಕ್ಕ ಮಾಡಿದೆ. ಆರು ಕಿಲೋಮೀಟರ್ ಉದ್ದದ ನೀರು ಸೆಕೆಂಡಿಗೆ ಒಂದೂ ಮುಕ್ಕಾಲು ಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ಬರುತ್ತಿದೆ. ಅದನ್ನು ಇಪ್ಪತ್ತು ಸೆಕೆಂಡಿನಲ್ಲಿ ಸಮನಾಗಿ ನಿಲ್ಲಿಸಬೇಕು. ಇಡೀ ನೀರು ಒಂದೇ ಗಟ್ಟಿ ಸಲಾಕೆಯಂತೆ, ತುದಿಯಲ್ಲಿ ತಡೆದರೆ ಬುಡವೂ ಅದೇ ಕ್ಷಣಕ್ಕೆ ನಿಧಾನವಾಗುತ್ತದೆ ಎಂದು ಹಿಡಿದೆ. ಒತ್ತಡ ಚದರ ಸೆಂಟಿಮೀಟರಿಗೆ ಐದೂವರೆ ಕೇಜಿಯಷ್ಟು ಏರುತ್ತದೆ ಎಂದು ಬಂತು. ಪೈಪು ಹತ್ತು ಕೇಜಿ ತಡೆಯುವಂಥದ್ದು. "ನೀರಿನ ಸಂಕೋಚನವನ್ನು ಇಲ್ಲಿ ಪರಿಗಣಿಸಬೇಕಾಗಿಲ್ಲ" ಎಂದು ಕೆಳಗೆ ಬರೆದು ಸಹಿ ಹಾಕಿದೆ. ಕುಕ್ಕರಿನ ಮೂರನೆಯ ಸೀಟಿಗೆ ಮುಂಚೆ ಕೆಲಸ ಮುಗಿದಿತ್ತು.

ಪರೀಕ್ಷೆಯ ದಿನ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತಿತ್ತು. ಗುತ್ತಿಗೆದಾರರು ಒಂದು ಕೈಯಲ್ಲಿ ಮೋಟಾರಿನ ಸ್ವಿಚ್ಚು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಪಂಪ್‌ಹೌಸಿನವನೊಡನೆ ಮಾತಾಡುತ್ತಿದ್ದರು. ಕಾಕಾ ಹೊಸ ವಾಲ್ವಿನ ಗುಂಡಿಗೆ ಇಳಿದು ಪೈಪಿನ ಮೇಲೆ ಅಂಗೈ ಇಟ್ಟು ನಿಂತಿದ್ದರು. ಉಳ್ಳಾಗಡ್ಡಿಯ ಹೊಲದವನೂ ಬದುವಿನ ಮೇಲೆ ನಿಂತು, ಇವತ್ತು ನೀರು ಉಕ್ಕುತ್ತದೋ ಇಲ್ಲವೋ ಎಂದು ಕಾಯುತ್ತಿದ್ದ.

"ಏ, ಮ್ಯಾಲ ಬಾರೋ!" ಎಂದು ಗುತ್ತಿಗೆದಾರರು ಕೂಗಿದರು.

"ಒಮ್ಮಿ ಹೆಂಗ ಮುಚ್ಚತೈತಿ ನೋಡಿ ಬರ್ತೇನ್ರಿ ಸಾವ್ಕಾರ್ರ."

ಗುತ್ತಿಗೆದಾರರು ಕಾಯಲಿಲ್ಲ, ಸ್ವಿಚ್ಚು ಒತ್ತಿದರು. ನಾನೂ ತಡೆಯಲಿಲ್ಲ. ತಡೆಯಲು ಕಾರಣವೇ ಇಲ್ಲ ಎಂದು ಬರೆದುಕೊಟ್ಟವಳು ನಾನು.

ಹದಿನೈದು, ಹದಿನಾರು ಸೆಕೆಂಡಿನವರೆಗೆ ಏನೂ ಆಗಲಿಲ್ಲ. ಟ್ಯಾಂಕಿಗೆ ಬೀಳುವ ನೀರಿನ ಸದ್ದು ಕೂಡ ಬದಲಾಗಲಿಲ್ಲ. ಆಮೇಲೆ ನೆಲದೊಳಗಿಂದ ಯಾರೋ ಸುತ್ತಿಗೆಯಿಂದ ಹೊಡೆದ ಹಾಗಾಯಿತು. ಅದರ ಬೆನ್ನಿಗೇ ಸಿಡಿಯಿತು.

ಅದನ್ನು ಶಬ್ದ ಎನ್ನಲಾರೆ. ಎದೆಗೆ ಯಾರೋ ಒದ್ದ ಹಾಗಿತ್ತು. ವಾಲ್ವಿನ ಹಿಂದೆ ಇದ್ದ ಎರಕದ ಕಬ್ಬಿಣದ ಪೈಪಿನ ತುಂಡು ಒಡೆದು, ಗುಂಡಿಯ ಬಾಯಿಂದ ನೀರು, ಕೆಸರು, ಇಟ್ಟಿಗೆ ಎಲ್ಲ ಒಟ್ಟಿಗೆ ಮೇಲೆದ್ದವು. ಅಂಗೈಯಗಲದ ಕಬ್ಬಿಣದ ಚೂರೊಂದು ನನ್ನ ಮುಂದೆಯೇ ಬಂದು ಮಣ್ಣಿನಲ್ಲಿ ನಾಟಿತು. ನಾನು ಬಿದ್ದೆ. ಎದ್ದಾಗ ಕಿವಿಯಲ್ಲಿ ಸಿಳ್ಳು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಗುತ್ತಿಗೆದಾರರ ಬಾಯಿ ತೆರೆಯುವುದು, ಮುಚ್ಚುವುದು ಮಾತ್ರ ಕಾಣುತ್ತಿತ್ತು.

ಗುಂಡಿ ತುಂಬುತ್ತಿತ್ತು. ನೀರು ಕೆಂಪಾಗಿತ್ತು. ಕಾಕಾರ ತಲೆ ಒಮ್ಮೆ ಮೇಲೆ ಬಂತು, ಮತ್ತೆ ಮುಳುಗಿತು. ನಾನು ಕಟ್ಟೆಯ ಅಂಚಿಗೆ ತೆವಳಿ ಹೋಗಿ ಕೈ ಚಾಚಿದೆ; ನೀರಿನ ರಭಸ ನನ್ನ ಕೈಯನ್ನು ಕಸದ ಹಾಗೆ ಪಕ್ಕಕ್ಕೆ ಎಸೆಯಿತು. ಆಗ ನನ್ನನ್ನು ದಾಟಿ ಒಬ್ಬ ಗುಂಡಿಗೆ ಧುಮುಕಿದ. ಉಳ್ಳಾಗಡ್ಡಿಯ ಹೊಲದವನು. ಕಂಕುಳಿಗೆ ಕೈ ಹಾಕಿ ಕಾಕಾರನ್ನು ಎತ್ತಿ ಹಿಡಿದ, ಮೇಲಿನಿಂದ ನಾನು ಅಂಗಿ ಹಿಡಿದು ಎಳೆದೆ. ಬಲಗಾಲು ಮೊಣಕಾಲಿನ ಕೆಳಗೆ ಚರ್ಮದಲ್ಲಷ್ಟೇ ತೂಗುತ್ತಿತ್ತು. ನನ್ನ ಓಢಣಿಯಿಂದ ತೊಡೆಯನ್ನು ಬಿಗಿದೆ. ಕಾಕಾ ಕೂಗಲಿಲ್ಲ, ನನ್ನ ಮುಂಗೈಯನ್ನು ಹಲ್ಲಿನಿಂದ ಕಚ್ಚಿ ಹಿಡಿದರು. ಆ ಗುರುತು ಈಗಲೂ ಇದೆ.

ಸತ್ತೂರಿನ ಆಸ್ಪತ್ರೆಗೆ ಹೊಲದವನ ಮೂರು ಗಾಲಿಯ ಟಂಟಂ ಗಾಡಿಯಲ್ಲೇ ಒಯ್ದೆವು. ಸಂಜೆಗೆ ಕಾಲು ತೆಗೆದರು. ಕಾರಿಡಾರಿನಲ್ಲಿ ಕಾಕಾರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು, ಕಾಕಾರ ತಮ್ಮ ಅತ್ತಿಂದಿತ್ತ ಓಡಾಡುತ್ತಿದ್ದ. ನನ್ನ ಬಟ್ಟೆಯ ಮೇಲಿನ ರಕ್ತ ನೋಡಿ ಆಕೆ ಎದ್ದು ಬಂದು ಕೈ ಹಿಡಿದರು.

"ಹೆಂಗಾತ್ರಿ ಅಕ್ಕಾರ? ಯಾರ್ ಮಾಡಿದ್ರಿ ಇದನ್ನ?"

"ಲೆಕ್ಕಾ ನಂದರಿ," ಅಂದೆ. "ಇಪ್ಪತ್ತು ಸೆಕೆಂಡ್ ನಡೀತೈತಿ ಅಂತ ಬರ್ಕೊಟ್ಟಾಕಿ ನಾನ."

ಆಕೆಗೆ ಅದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಹೊಡೆದರು. ಒಂದಲ್ಲ, ಎರಡು ಕೈಯಿಂದ, ಕೆನ್ನೆಗೆ, ತಲೆಗೆ, ಎದೆಗೆ. ನನ್ನ ಕನ್ನಡಕ ಬಿದ್ದು ಕಾಲಡಿಯಲ್ಲಿ ಒಡೆಯಿತು. ನಾನು ಕೈ ಅಡ್ಡ ಹಿಡಿಯಲಿಲ್ಲ. ನರ್ಸುಗಳು ಬಿಡಿಸುವ ಹೊತ್ತಿಗೆ ಕಾಕಾರ ತಮ್ಮ, ಗುತ್ತಿಗೆದಾರರ ಕುತ್ತಿಗೆ ಹಿಡಿದು ಅವರ ತಲೆಯನ್ನು ಟೈಲ್ಸಿನ ಗೋಡೆಗೆ ಎರಡು ಸಲ ಬಡಿದಿದ್ದ. ಮೂರನೆಯ ಸಲ ಬಡಿಯುವ ಮೊದಲು ಕಾವಲುಗಾರ ಬಂದ.

ಅಂದು ನಾನು ಮನೆಗೆ ಹೋಗುವ ಹೊತ್ತಿಗೆ ಗುತ್ತಿಗೆದಾರರಿಂದ ಮೊಬೈಲಿಗೆ ಒಂದು ಧ್ವನಿಮುದ್ರಣ ಬಂದಿತ್ತು. ಅವರ ಫೋನಿನಲ್ಲಿ ಎಲ್ಲ ಕರೆಗಳೂ ತಾನಾಗಿ ದಾಖಲಾಗುತ್ತಿದ್ದವು. ಬೆನ್ನಿಗೇ ಅವರೇ ಫೋನ್ ಮಾಡಿದರು. "ಕೇಳ್ರಿ ಮೇಡಂ. ಮ್ಯಾಲ ಬಾ ಅಂತ ನಾ ಒದರೇನಿ, ಅಂವಾ ಬಂದಿಲ್ಲ. ಒಳಗ ನಿಂತು ವಾಲ್ವಿಗೆ ಕೈ ಹಾಕ್ಯಾನ, ಅದಕ್ಕ ಒಡದೈತಿ ಅಂತ ನೀವೊಂದ್ ನಾಕ್ ಸಾಲು ಬರ್ಕೊಡ್ರಿ. ನಿಮ್ಮ ನೌಕರಿನೂ ಉಳೀತೈತಿ, ನನ್ನ ಕೆಲಸಾನೂ ಉಳೀತೈತಿ."

ಫೋನ್ ಇಟ್ಟೆ. ಆ ಪ್ರಸ್ತಾಪವನ್ನು ತಕ್ಷಣ ತಳ್ಳಿಹಾಕಿದೆ ಎಂದು ಬರೆಯಲು ಆಸೆಯಿದೆ. ಹಾಗೆ ಮಾಡಲಿಲ್ಲ. ಎರಡು ದಿನ ನಾಲ್ಕು ಸಾಲು ಮನಸ್ಸಿನಲ್ಲಿ ಬರೆದು ಬರೆದು ಅಳಿಸಿದೆ. ಮೂರನೆಯ ದಿನ ಬೆಳಿಗ್ಗೆ ಆ ಧ್ವನಿಮುದ್ರಣವನ್ನು ಪೂರ್ತಿ ಕೇಳಿದೆ. ಎಡಗಿವಿ ಇನ್ನೂ ಮಂದವಿತ್ತು, ಬಲಗಿವಿಗೆ ಹಿಡಿದು ಕೇಳಿದೆ.

ಮೊದಲು ಗುತ್ತಿಗೆದಾರರ ಕೂಗು, ಕಾಕಾರ ಉತ್ತರ. ಆಮೇಲೆ ಆ ಸಿಡಿತ, ಫೋನಿನೊಳಗೆ ಹರಿದ ಬಟ್ಟೆಯ ಸದ್ದಿನಂತೆ. "ಬಂದ್ ಮಾಡ್! ಪಂಪ್ ಬಂದ್ ಮಾಡ್!" ಪಂಪ್‌ಹೌಸಿನವನು ಏನಾಯ್ತ್ರಿ, ಏನಾಯ್ತ್ರಿ ಎನ್ನುತ್ತಿದ್ದ. ಅವನ ಮಾತಿನ ನಡುವೆ, ಅವನ ಕಡೆಯಿಂದ, ಧಡ್ ಎಂದು ಇನ್ನೊಂದು ಸದ್ದು ಬಂತು. "ಅಯ್ಯಯ್ಯೋ, ಇಲ್ಲೂ ಬಡೀತ್ರಿ! ಪೈಪ್ ಅಲಗ್ಯಾಡಾಕತ್ತೈತ್ರಿ!" ಎಂದು ಅವನು ಚೀರಿದ.

ನಾನು ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಸಿಡಿತಕ್ಕೂ ಆ ಎರಡನೆಯ ಸದ್ದಿಗೂ ನಡುವೆ ಐದೂವರೆ ಸೆಕೆಂಡು. ಹತ್ತು ಸಲ ಅಳೆದೆ, ಹತ್ತು ಸಲವೂ ಅಷ್ಟೇ, ತುಸು ಹಿಂದೆಮುಂದೆ.

ಆರು ಕಿಲೋಮೀಟರಿಗೆ ಐದೂವರೆ ಸೆಕೆಂಡು. ಹೊರಗಿನ ಗಾಳಿಯಲ್ಲಿ ಬಂದಿದ್ದರೆ ಆ ಸದ್ದಿಗೆ ಹದಿನೇಳು ಸೆಕೆಂಡು ಬೇಕಿತ್ತು. ಇದು ಪೈಪಿನೊಳಗಿನ ನೀರಿನಲ್ಲಿ ಬಂದ ಹೊಡೆತ, ಸೆಕೆಂಡಿಗೆ ಹೆಚ್ಚುಕಡಿಮೆ ಸಾವಿರದ ನೂರು ಮೀಟರ್. ಬರೀ ನೀರಿನಲ್ಲಿ ಶಬ್ದ ಇನ್ನೂ ಬೇಗ, ಸಾವಿರದ ನಾನೂರ ಎಂಬತ್ತರಷ್ಟು ಓಡುತ್ತದೆ. ಪೈಪಿನ ಗೋಡೆ ತುಸು ಹಿಗ್ಗುವುದರಿಂದ ಇಲ್ಲಿ ನಿಧಾನ. ನೀರು ಒಂದಿಷ್ಟೂ ಹಿಚುಕಿಕೊಳ್ಳದ ವಸ್ತುವಾಗಿದ್ದರೆ, ನಾನು ಹಾಳೆಯಲ್ಲಿ ಹಿಡಿದಂಥ ಸಲಾಕೆಯಾಗಿದ್ದರೆ, ಆ ಎರಡು ಸದ್ದುಗಳ ನಡುವೆ ಅಂತರವೇ ಇರುತ್ತಿರಲಿಲ್ಲ.

ಕೂತು ಲೆಕ್ಕವನ್ನು ಮತ್ತೆ ಮಾಡಿದೆ. ವಾಲ್ವು ಮುಚ್ಚುತ್ತಿರುವ ಸುದ್ದಿ ಪಂಪಿಗೆ ಹೋಗಿ ಅಲ್ಲಿಂದ ತಿರುಗಿ ಬರಲು ಹನ್ನೊಂದು ಸೆಕೆಂಡು ಬೇಕು. ಅಷ್ಟರೊಳಗೆ ಮುಚ್ಚಿದರೆ ಹಿಂದಿನ ನೀರಿಗೆ ಮುಂದೆ ದಾರಿ ಮುಚ್ಚಿದ್ದು ತಿಳಿದಿರುವುದೇ ಇಲ್ಲ. ಅದು ನುಗ್ಗಿ ಬಂದು ಮುಂದಿನದರ ಮೇಲೆ ಒತ್ತಿಕೊಳ್ಳುತ್ತಲೇ ಇರುತ್ತದೆ. ಇಪ್ಪತ್ತು ಸೆಕೆಂಡು ಹನ್ನೊಂದಕ್ಕಿಂತ ಹೆಚ್ಚು, ಹೌದು. ಆದರೆ ಉದ್ದನೆಯ ಪೈಪಿನಲ್ಲಿ ವಾಲ್ವಿನ ತಟ್ಟೆ ಮುಕ್ಕಾಲು ಭಾಗ ತಿರುಗಿದರೂ ನೀರಿನ ವೇಗ ಅಷ್ಟೇನೂ ತಗ್ಗುವುದಿಲ್ಲ. ನೀರು ನಿಜವಾಗಿ ನಿಂತದ್ದು ಕೊನೆಯ ನಾಲ್ಕು ಸೆಕೆಂಡಿನಲ್ಲಿ. ಆ ಪೈಪಿನಲ್ಲಿ ಹಾಗೆ ಥಟ್ಟನೆ ನಿಲ್ಲಿಸಿದ ಪ್ರತಿ ಒಂದು ಮೀಟರ್ ವೇಗಕ್ಕೆ ಹನ್ನೊಂದು ಕೇಜಿ ಒತ್ತಡ ಏರುತ್ತದೆ. ಒಟ್ಟು ಇಪ್ಪತ್ತು ಕೇಜಿ. ಪೈಪು ತಡೆಯುವುದು ಹತ್ತು.

ಮೊದಲು ಎಷ್ಟು ಜೋರಾಗಿ ತಿರುವಿದರೂ ನೀರಿಗೆ ಗೊತ್ತಾಗುವುದಿಲ್ಲ, ಕೊನೆಯ ಸುತ್ತುಗಳಲ್ಲಿ ಗುದ್ದುತ್ತದೆ. ಕಟ್ಟೆಯ ಮೇಲೆ ಕೂತು ಕಾಕಾ ಹೇಳಿದ್ದು ಇದನ್ನೇ.

ವಿಚಾರಣೆ ನಡೆದದ್ದು ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ. ಮೇಜಿನ ಆಚೆ ಒಬ್ಬ ಹಿರಿಯ ಎಂಜಿನಿಯರ್, ಈಚೆ ನಾನು, ಗುತ್ತಿಗೆದಾರರು, ಕಾಕಾರ ತಮ್ಮ. ಗುತ್ತಿಗೆದಾರರ ತಲೆಗೆ ಇನ್ನೂ ಪಟ್ಟಿ ಇತ್ತು. ವಾಲ್‌ಮನ್ ಒಳಗೆ ಕೈ ಹಾಕಿದ್ದೇ ಕಾರಣ ಎಂದು ಅವರು ಹೇಳಿ ಮುಗಿಸಿದ ಮೇಲೆ ನಾನು ಫೋನನ್ನು ಮೇಜಿನ ಮೇಲೆ ಇಟ್ಟು ಅವರೇ ಕಳಿಸಿದ ಧ್ವನಿಮುದ್ರಣವನ್ನು ಹಚ್ಚಿದೆ. ಐದೂವರೆ ಸೆಕೆಂಡಿನ ಲೆಕ್ಕ ಹೇಳಿದೆ. ಕೈಯಿಂದ ಮುಟ್ಟಿದ್ದರಿಂದ ಇಷ್ಟು ದೊಡ್ಡ ಹೊಡೆತ ಆರು ಕಿಲೋಮೀಟರ್ ಹೋಗಲಾರದು, ಮೋಟಾರು ತಾನೇ ಪೂರ್ತಿ ಮುಚ್ಚಿದ್ದರಿಂದಲೇ ಹೋಗಿದೆ ಎಂದೆ.

ಹಿರಿಯ ಎಂಜಿನಿಯರ್ ನನ್ನ ಹಳೆಯ ಹಾಳೆಯನ್ನು ಮುಂದೆ ತಳ್ಳಿದರು. "ಸಂಕೋಚನ ಪರಿಗಣಿಸಬೇಕಾಗಿಲ್ಲ ಅಂತ ನೀವ ಬರದೀರಲ್ರಿ? ನೀರಿನ ವೇಗಾ ಶಬ್ದದ ವೇಗದ ಮುಂದ ಎಷ್ಟ್ರಿ, ಏನೂ ಅಲ್ಲ. ಪುಸ್ತಕದ ಪ್ರಕಾರ ನಿಮ್ಮ ಮಾತು ಸರಿನ ಐತಿ."

"ಅರ್ಧಾ ಸರಿರಿ ಸರ್," ಅಂದೆ. "ಒಂದೇ ವೇಗದಾಗ ಹರಿಯೂ ನೀರಿಗೆ, ಗಾಳಿಗೆ ಆ ಮಾತು ಸಾಕು. ವೇಗಾ ಬದಲಾಗೂವಾಗ ಇನ್ನೊಂದು ಕೇಳ್ಬೇಕ್ರಿ. ಶಬ್ದ ಪೈಪಿನ ಆ ತುದಿಗೆ ಹೋಗಿ ಬರಾಕ ಎಷ್ಟ್ ಹೊತ್ತು, ನಾವ್ ಎಷ್ಟ್ ಹೊತ್ತಿನ್ಯಾಗ ನಿಲ್ಲಸಾಕತ್ತೇವಿ? ನಿಲ್ಲಸೂ ಹೊತ್ತು ಅದಕ್ಕಿಂತ ಭಾಳ ದೊಡ್ಡದಿದ್ರ ಹಿಚುಕೂದನ್ನ ಮರೀಬಹುದು. ಇಲ್ಲಾಂದ್ರ ಮರೀಬಾರದು. ಆ ಎರಡನೇ ಪ್ರಶ್ನಿ ನಾ ಕೇಳಲೇ ಇಲ್ಲ. ತಪ್ಪು ನಂದು. ಒಳಗ ಮನಿಶಾ ಇದ್ದಾಗ ಸ್ವಿಚ್ಚು ಒತ್ತಿದ್ದು ಇವರದು. ವಾಲ್‌ಮನ್‌ದು ಏನೂ ಇಲ್ಲ."

ಗುತ್ತಿಗೆದಾರರು ಎದ್ದು ಮೇಜಿನ ಮೇಲಿದ್ದ ನನ್ನ ಫೋನು ಎತ್ತಿ ಗೋಡೆಗೆ ಎಸೆದರು. "ನಿನ್ನ ಅನ್ನಕ್ಕೂ ಕಲ್ಲು, ನನ್ನ ಅನ್ನಕ್ಕೂ ಕಲ್ಲು ಹಾಕಿದೆಲ್ಲ!" ಎಂದು ನನ್ನ ತೋಳು ಹಿಡಿದು ಎಳೆದಾಡಿದರು. ಕಾಕಾರ ತಮ್ಮ ಕುರ್ಚಿ ಎತ್ತಿ ಅವರ ಬೆನ್ನಿಗೆ ಬೀಸಿದ. ಕುರ್ಚಿಯ ಕಾಲು ಮುರಿಯಿತು, ಅವರು ಮೇಜಿನ ಮೇಲೆ ಮುಖ ಕೆಳಗಾಗಿ ಬಿದ್ದರು, ಮೂಗಿನಿಂದ ಸುರಿದ ರಕ್ತ ನನ್ನ ಹಾಳೆಗೆ ಹರಿಯಿತು. ಅವನು ಕುರ್ಚಿಯ ಮುರಿದ ಕಾಲನ್ನು ಮತ್ತೆ ಹೊಡೆಯಲು ಎತ್ತಿದ. ನಾನು ಅವನ ಕೈಗೆ ಜೋತುಬಿದ್ದೆ.

"ಬಿಡೋ ತಮ್ಮಾ. ನೀ ಜೈಲಿಗೆ ಹೋದ್ರ ಅಣ್ಣನ್ನ ಎತ್ತಿ ಕೂಡಸವ್ರ್ ಯಾರು?"

ಅವನು ನನ್ನನ್ನು ದೂಡಿದ. ಕಪಾಟಿಗೆ ಬಡಿದುಕೊಂಡು ಬಿದ್ದೆ. ಆದರೆ ಅವನು ಕುರ್ಚಿಯ ಕಾಲನ್ನು ಕೆಳಗೆ ಹಾಕಿದ.

ವರದಿಯಲ್ಲಿ ತಪ್ಪಿತಸ್ಥರೆಂದು ಎರಡು ಹೆಸರಿದ್ದವು. ಕಾಕಾರದು ಇರಲಿಲ್ಲ, ಹಾಗಾಗಿ ಅವರಿಗೆ ಸಿಗಬೇಕಾದ ಪರಿಹಾರಕ್ಕೆ ಅಡ್ಡಿ ಬರಲಿಲ್ಲ. ಗುತ್ತಿಗೆದಾರರ ಗುತ್ತಿಗೆ ಹೋಯಿತು. ನನ್ನನ್ನು ಕಾಲೇಜು ಒಂದು ವರ್ಷ ಪಾಠದಿಂದ ದೂರ ಇಟ್ಟಿತು. ಹೊರಗಿನ ಕೆಲಸವನ್ನು ನಾನೇ ಬಿಟ್ಟೆ. ಪೈಪ್‌ಲೈನನ್ನು ಸರಿಪಡಿಸಲು ಬಂದ ಬೇರೆಯವರು ವಾಲ್ವಿನ ಮೋಟಾರನ್ನು ಎರಡು ಹಂತದಲ್ಲಿ ಓಡುವಂತೆ ಮಾಡಿದರು: ಮೊದಲ ಮುಕ್ಕಾಲು ಭಾಗ ಒಂದು ನಿಮಿಷ, ಕೊನೆಯ ಕಾಲು ಭಾಗ ಐದು ನಿಮಿಷ. ಟ್ಯಾಂಕ್ ತುಂಬುವುದಕ್ಕೆ ಆರು ನಿಮಿಷ ಮೊದಲೇ ಅದು ಮುಚ್ಚಲು ಶುರುವಾಗುತ್ತದೆ, ಹಾಗಾಗಿ ಹೊಲಕ್ಕೆ ನೀರು ಹೋಗುವುದಿಲ್ಲ. ಆ ಲೆಕ್ಕವನ್ನು ತೋರಿಸಲು ಅವರು ನನ್ನನ್ನು ಕರೆದಾಗ ನಾನು ಪ್ರತಿ ಸಾಲನ್ನೂ ಎರಡು ಸಲ ನೋಡಿದೆ. ಪರೀಕ್ಷೆಯ ದಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಎರಡು ಕೇಜಿಯಷ್ಟು ಸರಿದು ನಿಂತಿತು.

ಕಾಕಾರಿಗೆ ಪಂಪ್‌ಹೌಸಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ನಾಲ್ಕು ತಿಂಗಳ ಮೇಲೆ ಅಲ್ಲಿಗೆ ಹೋದೆ. ಕೃತಕ ಕಾಲನ್ನು ಬಿಚ್ಚಿ ಗೋಡೆಗೆ ಒರಗಿಸಿ, ಮೊಂಡಾದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಹೆಂಡತಿ ಬುತ್ತಿ ತಂದವರು ನನ್ನನ್ನು ಕಂಡು ಹೊರಗೆ ಎದ್ದು ಹೋದರು. ಇಂದಿಗೂ ಆಕೆ ನನ್ನೊಡನೆ ಮಾತಾಡಿಲ್ಲ. ಮಾತಾಡಬೇಕೆಂದು ನಾನು ಬಯಸುವುದೂ ಸರಿಯಲ್ಲ.

"ಕಾಕಾ, ನಿಮ್ಮ ಮಾತ್ ಕೇಳ್ಬೇಕಿತ್ರಿ," ಅಂದೆ.

"ಹೌದ್ರಿ, ಕೇಳ್ಬೇಕಿತ್ತು," ಅಂದರು. ಇರಲಿ ಬಿಡ್ರಿ ಎನ್ನಲಿಲ್ಲ. "ಮುಂದ ಬರೂ ವಾಲ್‌ಮನ್‌ಗಳಿಗೆ ಒಂದ್ ಬೋರ್ಡ್ ಬರೀಬೇಕಂತ. ನನಗ ಅಕ್ಷರಾ ಛಲೋ ಬರೂದಿಲ್ಲ. ನೀವ್ ಬರೀರಿ, ನಾ ಹೇಳ್ತೇನಿ."

ಬಿಳಿ ಬಣ್ಣದ ತಗಡನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. "ನೀರು ಸಹ ಸಂಕೋಚನಶೀಲ ವಸ್ತುವಾಗಿದ್ದು" ಎಂದು ಶುರು ಮಾಡಿ ಓದಿ ಹೇಳಿದೆ.

"ಅದನ್ನ ಯಾರ್ ಓದ್ತಾರ್ರಿ? ಒರಸ್ರಿ." ಕಾಕಾ ಮೊಂಡುಗಾಲನ್ನು ತಿಕ್ಕಿಕೊಳ್ಳುತ್ತ ಯೋಚಿಸಿದರು. "ಹಿಂಗ ಬರೀರಿ. ನೀರು ಉದ್ದ ಐತಿ. ಅದಕ್ಕ ಸುದ್ದಿ ಮುಟ್ಟಾಕ ಹೊತ್ತು ಕೊಡ್ರಿ. ಮೋಟಾರ್ ಕೆಟ್ಟು ಕೈಲೆ ಮುಚ್ಚೂದು ಬಂದ್ರ ಕೊನೀ ಸುತ್ತಿಗೆ ಗಡಿಬಿಡಿ ಮಾಡಬ್ಯಾಡ್ರಿ. ಗುಂಡ್ಯಾಗ ಯಾರರ ಇದ್ರ ಮೊದಲ ಮ್ಯಾಲ ಕರೀರಿ, ಬರೂತನಕಾ ಕಾಯ್ರಿ."

ಅವರು ಹೇಳಿದ ಹಾಗೆಯೇ, ಅವರ ಮಾತಿನಲ್ಲೇ ಬರೆದೆ. ಕೊನೆಯ ಸಾಲಿಗೆ ಬಣ್ಣ ಸಾಲದೆ ಅಕ್ಷರ ತೆಳುವಾದವು. ಕಾಕಾ ತಗಡನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಇದೊಂದು ಸಾಲು ದಪ್ಪ ಆಗ್ಬೇಕ್ರಿ ಅಕ್ಕಾರ, ಪ್ಯಾಟಿಗೆ ಹೋಗಿ ಬಣ್ಣಾ ತಗೊಂಡ್ ಬರ್ರಿ," ಅಂದರು.